ಅಕ್ಕನ ಒಂದು ನಿಮಿಷ

ನಮ್ಮಕ್ಕ ಸಾರು ಮಾಡುತ್ತಾಳೆ. 2019ರಿಂದ ಅದೇ ಅವಳ ಕಸುಬು. ಮೈಸೂರಿನ ಅಶೋಕಪುರಂನಲ್ಲಿ ಅವ್ವ ಬಿಟ್ಟುಹೋದ ಎರಡು ಅಂಕಣದ ಮನೆ, ಹಿತ್ತಲಿಗೆ ಬಾಗಿಲಿರುವ ಅಡಿಗೆಮನೆ, ಎರಡು ಉರಿಯ ಗ್ಯಾಸ್ ಒಲೆ. ಭಾನುವಾರ ಮಟನ್ ಸಾರು, ಬೋಟಿ ಗೊಜ್ಜು, ಮುದ್ದೆ. ಮೊದಲು ರೈಲ್ವೆ ವರ್ಕ್‌ಶಾಪಿನ ನಾಲ್ಕು ಜನ ಕ್ಯಾರಿಯರ್ ತಂದರು. ಅವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಹೀಗೆ ಬಾಯಿಂದ ಬಾಯಿಗೆ ಹೋಗಿ ಅವಳ ಮೊಬೈಲಿನಲ್ಲಿ 140 ನಂಬರು ಸೇರಿದವು. ಬೋರ್ಡಿಲ್ಲ, ಹೆಸರಿಲ್ಲ. ‘ಆಯಮ್ಮನ ಸಾರು’ ಅಂದರೆ ಸಾಕಿತ್ತು.

2025ರ ಫೆಬ್ರವರಿಯಲ್ಲಿ ಅವಳ ಮಗಳು, ಬಿ.ಕಾಂ. ಓದುವ ಹುಡುಗಿ, ಊಟವನ್ನು ಮೊಬೈಲ್ ಆ್ಯಪ್‌ಗೆ ಹಾಕುವುದು ಅಂತ ಹಟ ಹಿಡಿದಳು. ಪಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲ ಹೊಂದಿಸಿದಳು. ಆಹಾರ ಸುರಕ್ಷತೆಯ ನೋಂದಣಿಯನ್ನೂ ಅವಳೇ ಮಾಡಿಸಿದಳು. ಆಗ ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇದ್ದವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಮನೆಯಲ್ಲಿ ಬೇಯಿಸಿ ಮಾರುವವರಿಗೂ ಅದು ಬೇಕೇ ಬೇಕು, ಅದರ 14 ಅಂಕಿಯ ನಂಬರು ಇಲ್ಲದೆ ಆ್ಯಪ್‌ನವರು ಒಳಗೆ ಬಿಡುವುದಿಲ್ಲ. ಇದೆಲ್ಲ ಆದ ಮೇಲೆ ನನಗೆ ಫೋನ್ ಮಾಡಿ, ‘ಮಾವ, ಶುರು ಮಾಡೋ ದಿನ ಒಂದು ವೀಡಿಯೊ ಬಿಡಬೇಕು. ಅವ್ವ ಮಾತಾಡ್ತಾಳೆ. ಏನು ಮಾತಾಡಬೇಕು ಅಂತ ನೀನು ಬರೆದುಕೊಡು. ನೀನು ಕನ್ನಡ ಮೇಷ್ಟ್ರಲ್ಲವಾ?’ ಅಂದಳು.

ನಾನು ಬರೆದೆ. ನಂಜನಗೂಡಿನ ಬಸ್ಸಿನಲ್ಲಿ ಕೂತು ಎರಡು ಹಾಳೆ ತುಂಬಿಸಿದೆ. ‘ಹಸಿವಿಗೆ ಜಾತಿಯಿಲ್ಲ, ಅನ್ನಕ್ಕೆ ಮಡಿಯಿಲ್ಲ’ ಅಂತ ಶುರುವಾಗಿ, ಶತಮಾನಗಳು, ಶೋಷಣೆ, ನೆಲದ ಕಸುವು ಎಲ್ಲ ಬಂದು ಕೊನೆಗೆ ಸಾರು ಬರುತ್ತಿತ್ತು. ಸಮ್ಮೇಳನದಲ್ಲಿ ಓದಿದ್ದರೆ ಚಪ್ಪಾಳೆ ಬೀಳುತ್ತಿತ್ತೇನೋ. ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು. ಏಳನೇ ಕ್ಲಾಸಿನವರೆಗೆ ಓದಿದವಳು, ಅಕ್ಷರ ಚೆನ್ನಾಗಿಯೇ ಬರುತ್ತದೆ. ಆದರೆ ಓದುತ್ತ ಓದುತ್ತ ಅವಳ ದನಿಯೇ ಬದಲಾಯಿತು. ಶಾಲಾ ಇನ್‌ಸ್ಪೆಕ್ಟರ ಮುಂದೆ ನಿಂತ ಮಗುವಿನ ಹಾಗೆ ಒಂದೊಂದೇ ಪದ ಎತ್ತಿಟ್ಟಳು. ಮಗಳು ಮೊಬೈಲಿನಲ್ಲಿ ಗಡಿಯಾರ ಒತ್ತಿ ಹಿಡಿದಿದ್ದಳು. 3 ನಿಮಿಷ 10 ಸೆಕೆಂಡು.

‘ಮಾವ, ಒಂದು ನಿಮಿಷ ದಾಟಿದ್ರೆ ಯಾರೂ ನೋಡಲ್ಲ’ ಅಂದಳು.

ಅಕ್ಕ ಹಾಳೆ ಮಡಿಸಿ ನನ್ನ ಕೈಗಿಟ್ಟಳು. ‘ಇದು ನಿನ್ ಮಾತು ಕಲಾ. ನನ್ ಬಾಯಿಗೆ ಬಗ್ಗಲ್ಲ.’

ಇಪ್ಪತ್ತು ವರ್ಷದಿಂದ ನಮ್ಮ ಜನರ ಭಾಷೆ, ನಮ್ಮ ಜನರ ಭಾಷೆ ಅಂತ ಭಾಷಣ ಮಾಡಿದವನು ನಾನು. ನನ್ನ ಸ್ವಂತ ಅಕ್ಕನ ಬಾಯಿಗೆ ಬಗ್ಗದ ಒಂದು ಪುಟ ಬರೆದಿದ್ದೆ.

ಆಮೇಲೆ ನಾವು ಮೂರು ಜನ ಹಿತ್ತಲ ಬಾಗಿಲಲ್ಲಿ ಕೂತು ಬೇರೆ ಥರ ಯೋಚನೆ ಮಾಡಿದೆವು. ಮೊದಲು ಎಣಿಸಿದ್ದು ಮಾತನ್ನು. ಅಕ್ಕ ತನ್ನ ಪಾಡಿಗೆ ಮಾತಾಡಿದರೆ ನಿಮಿಷಕ್ಕೆ 90 ಪದ ಆಗುತ್ತಿತ್ತು. ನಡುವೆ ಮಾತಿಲ್ಲದೆ ಬರೀ ಒಲೆ, ಮಡಕೆ ತೋರಿಸಲು ಜಾಗ ಬಿಡಬೇಕು. ಹಾಗಾಗಿ 80 ಪದದೊಳಗೆ ಮುಗಿಯಬೇಕು. 80 ಪದ ಅಂದರೆ ಎಷ್ಟು ಕಡಿಮೆ ಅನ್ನುವುದು ಬರೆದವರಿಗೇ ಗೊತ್ತು. ಒಂದು ವಿಶೇಷಣ ಹಾಕಿದರೆ ಒಂದು ವಿಷಯ ಹೊರಗೆ ಹೋಗುತ್ತದೆ.

ಎರಡನೆಯದು, ಇದನ್ನು ನೋಡುವವರು ಯಾರು? ನಾನು ಊರಿಗೆಲ್ಲ ಹೇಳುವ ಹಾಗೆ ಬರೆದಿದ್ದೆ. ಹುಡುಗಿ ತಿದ್ದಿದಳು. ಹೊಸದಾಗಿ ಸೇರಿದ ಅಡಿಗೆಮನೆಗೆ ಆ್ಯಪ್‌ನಲ್ಲಿ ಒಂದು ನಕ್ಷತ್ರವೂ ಇರುವುದಿಲ್ಲ, ಯಾರ ಅಭಿಪ್ರಾಯವೂ ಇರುವುದಿಲ್ಲ. ನೂರಾರು ಹೋಟೆಲಿನ ಕೆಳಗೆಲ್ಲೋ ಬಿದ್ದಿರುತ್ತದೆ. ಅಪರಿಚಿತರಿಗೆ ಅದು ಕಾಣುವುದೇ ಕಷ್ಟ. ಹೆಸರು ಬರೆದು ಹುಡುಕಿದವರಿಗೆ ಮಾತ್ರ ಸಿಗುತ್ತದೆ. ಹಾಗೆ ಹುಡುಕುವವರು ಯಾರು? ಆಗಲೇ ಸಾರು ಉಂಡಿರುವ ಆ 140 ಜನ, ಮತ್ತು ಅವರು ಹೇಳಿದ ಇನ್ನಷ್ಟು ಜನ. ಅಂದಮೇಲೆ ವೀಡಿಯೊದಲ್ಲಿ ‘ನಮ್ಮ ಸಾರು ಬಹಳ ರುಚಿ’ ಅಂತ ಹೇಳುವುದು ದಂಡ. ಅದು ಅವರ ನಾಲಿಗೆಗೆ ಗೊತ್ತಿದೆ. ಅವರಿಗೆ ಗೊತ್ತಿಲ್ಲದ್ದು ಬೇರೆ: ಯಾವ ಹೆಸರು ಬರೆದು ಹುಡುಕಬೇಕು, ಎಷ್ಟು ಹೊತ್ತಿಗೆ, ಏನೇನು ಸಿಗುತ್ತದೆ, ಇನ್ನು ಮೇಲೆ ಮನೆಗೆ ಬರುವ ಹಾಗಿಲ್ಲವೋ. ಇಷ್ಟು ಹೇಳಬೇಕು.

ಹೆಸರಿನದೇ ಒಂದು ಕಥೆಯಾಯಿತು. ಅಕ್ಕ ‘ಅವ್ವನ ಮಡಕೆ’ ಅಂದಳು. ಅವ್ವನ ಒಂದು ಮಡಕೆ ಇನ್ನೂ ಉಳಿದಿದೆ, ಕಂಠ ಒಡೆದಿದೆ, ತಳ ಗಟ್ಟಿ. ಆ್ಯಪ್‌ನಲ್ಲಿ ಜನ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು. ಹುಡುಗಿ ಹತ್ತು ಜನರಿಗೆ ಹೆಸರು ಬಾಯಲ್ಲಿ ಹೇಳಿ, ಹೇಗೆ ಬರೆಯುತ್ತೀರಿ ಅಂತ ಕೇಳಿದಳು. ನಾಲ್ಕು ಜನ Madake, ಐದು ಜನ Madike, ಒಬ್ಬರು Madke. ಒಂದಕ್ಷರ ತಪ್ಪಿದರೆ ಹುಡುಕಿದವರಿಗೆ ಬೇರೆ ಅಂಗಡಿ ಬರಬಹುದು. ಹೆಚ್ಚು ಜನ ಬರೆದ ಹಾಗೇ Avvana Madike ಅಂತ ನೋಂದಾಯಿಸಿದೆವು. ಆ ಹೆಸರನ್ನು ವೀಡಿಯೊದಲ್ಲಿ ಬಾಯಲ್ಲಿ ಹೇಳಿದರೆ ಸಾಲದು, ಅದೇ ಅಕ್ಷರಗಳಲ್ಲಿ ಪರದೆಯ ಮೇಲೆ ಐದು ಸೆಕೆಂಡಾದರೂ ನಿಲ್ಲಿಸಬೇಕು ಅಂತ ತೀರ್ಮಾನವಾಯಿತು. (ಆ ಕಾಗುಣಿತದಲ್ಲಿ ‘ಮಡಿ’ ಬಂದು ಸೇರಿಕೊಂಡದ್ದನ್ನು ನೋಡಿ ನನಗೆ ನಗು ಬಂತು. ಅಕ್ಕನಿಗೆ ಹೇಳಲಿಲ್ಲ.)

ಬೆಲೆಯ ಮಾತು ಬಂತು. ಮನೆಗೆ ಕ್ಯಾರಿಯರ್ ತರುವವರಿಗೆ ಮಟನ್ ಸಾರು, ಮುದ್ದೆ 180 ರೂಪಾಯಿ. ಆ್ಯಪ್‌ಗೂ ಅದೇ ಬೆಲೆ ಹಾಕಿದರೆ ಏನಾಗುತ್ತದೆ ಅಂತ ನಾನು ಸ್ಲೇಟಿನ ಲೆಕ್ಕದ ಹಾಗೆ ಬರೆದು ತೋರಿಸಿದೆ. ನಮಗೆ ಬಂದ ಕರಾರಿನಲ್ಲಿ ಕಂಪನಿಯ ಕಮಿಷನ್ನು ನೂರಕ್ಕೆ 22. ಆ ಕಮಿಷನ್ನಿನ ಮೇಲೆ ನೂರಕ್ಕೆ 18 ಜಿಎಸ್‌ಟಿ. ಎರಡೂ ಸೇರಿ ನೂರಕ್ಕೆ 25 ರೂಪಾಯಿ 96 ಪೈಸೆ. ಅಂದರೆ ನಾಲ್ಕು ಊಟದಲ್ಲಿ ಒಂದು ಊಟ ಅವರದು. ಮೇಲೆ ಡಬ್ಬಿ, ಕಾಗದ, ಚೀಲಕ್ಕೆ 14 ರೂಪಾಯಿ. 180ಕ್ಕೆ ಕೊಟ್ಟರೆ ಅಕ್ಕನ ಕೈಗೆ 119 ರೂಪಾಯಿ ಚಿಲ್ಲರೆ ಬರುತ್ತದೆ, ಅದರಲ್ಲಿ ಮಟನ್ನಿನ ದುಡ್ಡು ಹೋದರೆ ಅವಳ ತೋಳಿನ ನೋವಿಗೂ ಉಳಿಯುವುದಿಲ್ಲ. ಕೈಗೆ 180ರ ಹತ್ತಿರ ಬರಬೇಕಾದರೆ ಆ್ಯಪ್‌ನಲ್ಲಿ 260 ಹಾಕಬೇಕು. ಹಾಕಿದರೆ 178 ರೂಪಾಯಿ 50 ಪೈಸೆ ಸಿಗುತ್ತದೆ. ಉಣ್ಣುವವರು ಅದರ ಮೇಲೆ ನೂರಕ್ಕೆ 5 ಜಿಎಸ್‌ಟಿ, ತಂದುಕೊಡುವ ಹುಡುಗರ ಬಾಬ್ತು ಬೇರೆ ಕೊಡಬೇಕು. 2022ರ ಜನವರಿ 1ರಿಂದ ಆ 5 ಅನ್ನು ಆ್ಯಪ್ ಕಂಪನಿಯೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುತ್ತದೆ, ಅಕ್ಕನಿಗೆ ಆ ತಲೆನೋವಿಲ್ಲ.

‘180ರ ಸಾರು 260 ಅಂದ್ರೆ ಹಳಬ್ರು ನನ್ ಮಕಕ್ಕೆ ಉಗೀತಾರೆ’ ಅಂದಳು ಅಕ್ಕ.

ಹಾಗಾದರೆ ಎರಡೂ ಬೆಲೆ ವೀಡಿಯೊದಲ್ಲಿ ಹೇಳಿಬಿಡೋಣ, ಜನ ತಮಗೆ ಬೇಕಾದ್ದು ಆರಿಸಿಕೊಳ್ಳಲಿ ಅಂದೆ ನಾನು. ಹುಡುಗಿ ಕರಾರು ತೆಗೆದು, ಮೊದಲು ಇದನ್ನು ಓದು ಅಂದಳು. ಬೇರೆ ಕಡೆ ಆ್ಯಪ್‌ಗಿಂತ ಕಡಿಮೆ ಬೆಲೆಗೆ ಮಾರಬಾರದು ಅನ್ನುವಂಥ ಷರತ್ತು ಇಂಥ ಕರಾರುಗಳಲ್ಲಿ ಇರಬಹುದು. ಹೋಟೆಲಿನವರ ಸಂಘ ಇಂಥವುಗಳ ಮೇಲೆ ದೂರು ಕೊಟ್ಟು, 2022ರ ಏಪ್ರಿಲ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಎರಡು ದೊಡ್ಡ ಕಂಪನಿಗಳ ಮೇಲೆ ತನಿಖೆಗೆ ಆದೇಶ ಮಾಡಿತ್ತು. ನಾವು ಏನು ಮಾಡಿದೆವೆಂದರೆ, ವೀಡಿಯೊದಲ್ಲಿ ಬೆಲೆಯನ್ನೇ ಎತ್ತಲಿಲ್ಲ. ‘ಹಳೇ ನಂಬರು ಹಂಗೇ ಅದೆ’ ಅನ್ನುವ ನಾಲ್ಕು ಪದ ಇಟ್ಟೆವು. ಹಳಬರಿಗೆ ಅಷ್ಟು ಸಾಕು. ಬಾಯಿಂದ ಬಾಯಿಗೆ ಬಂದವರನ್ನು ನಾವೇ ಕೈಹಿಡಿದು ಕರೆದುಕೊಂಡು ಹೋಗಿ ಕಂಪನಿಯ ಬಾಗಿಲಲ್ಲಿ ನಿಲ್ಲಿಸಿ, ಪ್ರತಿ ಊಟಕ್ಕೂ ಕಮಿಷನ್ನು ಕಟ್ಟುವುದು ಯಾವ ಬುದ್ಧಿವಂತಿಕೆ? ಆ್ಯಪ್ ಬೇಕಾದದ್ದು ಮನೆಗೆ ಬರಲಾಗದವರಿಗೆ, ಇನ್ನೂ ಸಾರು ಕಾಣದವರಿಗೆ.

ಇನ್ನು ಮೂವತ್ತು ಊಟದ ಲೆಕ್ಕ. ಮುದ್ದೆ ಅನ್ನುವುದು ಮಾಡಿಟ್ಟು ಕಾಯುವ ಪದಾರ್ಥವಲ್ಲ. ಅರ್ಧ ಕೇಜಿ ಹಿಟ್ಟಿಗೆ ಒಂದು ಲೀಟರ್ ನೀರು ಇಟ್ಟು ತಿರುವಿದರೆ ಐದು ಮುದ್ದೆ ಆಗುತ್ತದೆ. ಎಸರು ಕುದಿಯುವುದರಿಂದ ಕಟ್ಟಿ ಮುಗಿಸುವವರೆಗೆ 25 ನಿಮಿಷ. ಒಂದು ಉರಿಯಲ್ಲಿ ಸಾರು ಬಿಸಿ ಇರಬೇಕು, ಮುದ್ದೆಗೆ ಉಳಿಯುವುದು ಇನ್ನೊಂದೇ ಉರಿ. ಹನ್ನೆರಡರಿಂದ ಮೂರು ಗಂಟೆಯೊಳಗೆ ಏಳು ಸಲ ತಿರುವಬಹುದು. ಒಂದು ಸಲ ಗಂಟಾದರೆ ಚೆಲ್ಲಬೇಕು, ಅದಕ್ಕೆ ಒಂದು ಬಿಟ್ಟು ಆರು. ಆರೈದಲ ಮೂವತ್ತು. ಹಳಬರ ಕ್ಯಾರಿಯರು ಹನ್ನೊಂದಕ್ಕೇ ಮುಗಿಸಿಬಿಡುವುದು. ‘ಎಷ್ಟು ಬೇಕಾದರೂ ಆರ್ಡರ್ ಮಾಡಿ’ ಅಂತ ವೀಡಿಯೊದಲ್ಲಿ ಹೇಳಿ, ಬಂದ ಆರ್ಡರನ್ನು ಆಗುವುದಿಲ್ಲ ಅಂತ ತಿರಸ್ಕರಿಸಿದರೆ ಮೊದಲ ದಿನವೇ ಅಂಗಡಿಗೆ ಕೆಟ್ಟ ಗುರುತು ಬೀಳುತ್ತದೆ. ಹಾಗಾಗಿ ಮೂವತ್ತು ಅಂತ ಬಾಯಲ್ಲೇ ಹೇಳಿಬಿಡುವುದು.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿದೆವು. ಹುಡುಗಿಯ ಗೆಳತಿ ಒಂದು ಊಟವನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಕುವೆಂಪುನಗರ ಸುತ್ತಿ 25 ನಿಮಿಷಕ್ಕೆ ವಾಪಸ್ಸು ಬಂದಳು. ಡಬ್ಬಿ ತೆಗೆದರೆ ಮುದ್ದೆ ಬೆವತು ಮೇಲೆಲ್ಲ ಲೋಳೆಯಾಗಿತ್ತು. ಸಾರಿನ ಡಬ್ಬಿಯ ಮುಚ್ಚಳ ಆವಿಗೆ ಎದ್ದು ಚೀಲದ ತುಂಬ ಸಾರು. ಅಕ್ಕ ಮಾತಾಡದೆ ಮತ್ತೆ ಎಸರಿಟ್ಟಳು. ಎರಡನೇ ಸಲ ಮುದ್ದೆಯನ್ನು ಒಂದು ಸುತ್ತು ಮೆತ್ತಗೆ ತಿರುವಿ, ಕೈಗೆ ತುಪ್ಪ ಸವರಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಅದರ ಮೇಲೆ ಕಾಗದ ಸುತ್ತಿದಳು. ಡಬ್ಬಿಗೆ ಹಾಕಲೇ ಇಲ್ಲ. ಸಾರನ್ನು ಐದು ನಿಮಿಷ ಆರಬಿಟ್ಟು, ಕಂಠಕ್ಕೆ ಒಂದು ಬೆರಳು ಕಡಿಮೆ ಹುಯ್ದು ಮುಚ್ಚಿದಳು. ಆಗ ಸರಿಹೋಯಿತು. ಆದರೂ ಬಂದ ಮೇಲೆ ಹತ್ತು ನಿಮಿಷ ಬಿಟ್ಟರೆ ಮುದ್ದೆ ಬಿಗಿದುಕೊಳ್ಳುತ್ತದೆ. ಅದನ್ನು ತಡೆಯಲಾಗುವುದಿಲ್ಲ, ಹೇಳಬಹುದು ಅಷ್ಟೇ. ಅದಕ್ಕೂ ಒಂದು ವಾಕ್ಯ ಬೇಕಾಯಿತು.

ಇಷ್ಟೆಲ್ಲ ಸಲೀಸಾಗಿ ನಡೆಯಿತು. ಜಗಳ ಬಂದದ್ದು ಒಂದು ಪದಕ್ಕೆ. ಊರ ಹೆಸರಿಗೆ.

ಹುಡುಗಿ ಬರೆದಿದ್ದಳು: ‘ಜಯನಗರದ ಹತ್ತಿರ ನಮ್ಮ ಮನೆ.’ ನಾನು ಕೇಳಿದೆ, ಯಾಕೆ? ಅವಳು ಮುಖ ಕೆಳಗೆ ಹಾಕಿದಳು. ‘ಮಾವ, ನಿಂಗೆ ಗೊತ್ತಿಲ್ವಾ’ ಅಂದಳು. ಗೊತ್ತಿದೆ. ಮೈಸೂರಿನಲ್ಲಿ ಅಶೋಕಪುರಂ ಅಂದರೆ ಸಾಕು, ಜಾತಿ ಕೇಳುವ ಕೆಲಸವೇ ಇಲ್ಲ. ಕಾಲೇಜಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಅವಳು ಆ ಹೆಸರು ಹೇಳಿ ನೋಡಿದ್ದಾಳೆ, ಎದುರಿನವರ ಕಣ್ಣು ಒಂದು ಗಳಿಗೆ ನಿಂತು ಮುಂದೆ ಹೋಗುವುದನ್ನು ನೋಡಿದ್ದಾಳೆ. ಊಟದ ವಿಷಯದಲ್ಲಿ ಅದು ಇನ್ನೂ ಸೂಕ್ಷ್ಮ. ನಮ್ಮ ಊರುಗಳ ಬೋರ್ಡುಗಳನ್ನು ನೋಡಿ. ಅಯ್ಯಂಗಾರ್ ಬೇಕರಿ, ಬ್ರಾಹ್ಮಣರ ಕಾಫಿ, ಗೌಡರ ಮನೆ ಮುದ್ದೆ. ಜಾತಿಯನ್ನು ರುಚಿಯ ಹಾಗೆ ಬರೆದು ತೂಗುಹಾಕಿದ್ದಾರೆ. ಯಾರಿಗೂ ಅದು ಜಾತಿಯ ಮಾತು ಅನ್ನಿಸುವುದಿಲ್ಲ. 2016ರಲ್ಲಿ ಚಂದ್ರಭಾನ್ ಪ್ರಸಾದ್ ‘ದಲಿತ್ ಫುಡ್ಸ್’ ಅಂತಲೇ ಹೆಸರಿಟ್ಟು ಉಪ್ಪಿನಕಾಯಿ, ಅರಿಶಿನ ಮಾರಲು ಹೊರಟಾಗ ಮಾತ್ರ ಅದು ಸುದ್ದಿಯಾಯಿತು. 2024ರ ಮಾರ್ಚ್‌ನಲ್ಲಿ ದೇಶದ ಒಂದು ದೊಡ್ಡ ಕಂಪನಿ ‘ಶುದ್ಧ ಸಸ್ಯಾಹಾರ’ದವರಿಗೆ ಬೇರೆ ಹುಡುಗರು, ಅವರಿಗೆ ಹಸಿರು ಅಂಗಿ ಅಂತ ಸಾರಿತು. ಗಲಾಟೆಯಾದ ಮೇಲೆ ಮಾರನೇ ದಿನ ಹಸಿರು ಅಂಗಿ ಬಿಟ್ಟರು, ಬೇರೆ ಹುಡುಗರನ್ನು ಬಿಡಲಿಲ್ಲ.

ನಾನು ಈ ಎಲ್ಲವನ್ನೂ ಹೇಳಿ, ವೀಡಿಯೊದಲ್ಲಿ ಅಶೋಕಪುರಂ ಅಂತ ದೊಡ್ಡದಾಗಿ ಹಾಕಬೇಕು, ಹಿಂದೆ ಅಂಬೇಡ್ಕರ್ ಪಾರ್ಕು ತೋರಿಸಬೇಕು, ಇದು ನಮ್ಮ ಪ್ರಶ್ನೆ ಅಂದೆ. ಹುಡುಗಿ ಸಿಟ್ಟಾದಳು. ‘ನಿನ್ನ ಪ್ರಶ್ನೆಗೆ ನಮ್ಮವ್ವನ ಒಲೆ ಯಾಕೆ ಆರಬೇಕು ಮಾವ? ಸಂಬಳ ನಿಂಗೆ ಒಂದನೇ ತಾರೀಖು ಬತ್ತದೆ.’ ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವಳು ಸಾರು ಶುರು ಮಾಡುವ ಮೊದಲು ಎರಡು ವರ್ಷ ಒಂದು ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಯಾವ ಶಾಲೆ ಅಂತ ಇಲ್ಲಿ ಬೇಡ. ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದರು. ಕೇಳಿದರೆ ಹೊಟ್ಟೆನೋವು ಅನ್ನುತ್ತಿದ್ದರು. ದಿನಾ ಹೊಟ್ಟೆನೋವು. ಅಕ್ಕ ಈ ಕಥೆಯನ್ನು ನಮಗೆ ಹೇಳಿದ್ದೇ ನಾಲ್ಕು ವರ್ಷ ಆದಮೇಲೆ. ಅವತ್ತು ಸೊಪ್ಪಿನ ದಂಟು ಮುರಿಯುತ್ತ ಹೀಗಂದಳು:

‘ಆ ಸರ್ಟಿಫಿಕೇಟಲ್ಲಿ ಯಾವೂರಂತ ಬರ್ದವ್ರೆ?’

‘ಅಶೋಕಪುರಂ’ ಅಂದಳು ಮಗಳು.

‘ಆಪಲ್ಲಿ ವಿಳಾಸ?’

‘ಅದೇ.’

‘ಊಟ ತಗೊಂಡೋಗೋ ಹುಡ್ಗ ಯಾವೂರಿಗೆ ಬತ್ತನೆ?’

ಮಗಳು ಸುಮ್ಮನಾದಳು.

‘ಮತ್ಯಾಕೆ ಬಚ್ಚಿಡದು? ಈಗ ಹೇಳ್ದೆ ಆಮೇಲೆ ಗೊತ್ತಾದ್ರೆ ಮೋಸ ಮಾಡ್ದಂಗಾಯ್ತದೆ. ಹೇಳ್ಬುಡ್ತೀನಿ. ಆದ್ರೆ ನಿಮ್ ಮಾವ ಹೇಳ್ದಂಗೆ ಡಂಗೂರ ಹೊಡೆಯಲ್ಲ. ನಮ್ಮನೆ ಎಲ್ಲದೆ ಅಂದ್ರೆ ಎಲ್ಲರೂ ಹೆಂಗೆ ಹೇಳ್ತಾರೋ ಹಂಗೆ ಹೇಳ್ತೀನಿ.’

ಬೋಟಿಯ ಮಾತೂ ಹಾಗೇ ಮುಗಿಯಿತು. ಹುಡುಗಿ ಪಟ್ಟಿಯಿಂದ ಬೋಟಿ ತೆಗೆದು ಚಿಕನ್ ಬಿರಿಯಾನಿ ಹಾಕೋಣ, ಹೆಚ್ಚು ಜನ ಕೊಳ್ಳುತ್ತಾರೆ ಅಂದಿದ್ದಳು. ‘ಬಿರ್ಯಾನಿ ನಂಗೆ ಬರಲ್ಲ’ ಅಂದಳು ಅಕ್ಕ. ಅವ್ವ ಆ ಮಡಕೆಯಲ್ಲಿ ಬೇಯಿಸುತ್ತಿದ್ದ ಇನ್ನೊಂದು ಮಾಂಸದ ಮಾತನ್ನು ನಾವು ಯಾರೂ ಎತ್ತಲಿಲ್ಲ. ಅದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಇನ್ನು ತೆಗೆದ ಬಗೆ. ಟ್ಯೂಬ್‌ಲೈಟಿನಲ್ಲಿ ತೆಗೆದರೆ ಪರದೆಯ ಮೇಲೆ ಪಟ್ಟೆ ಪಟ್ಟೆ ಓಡುತ್ತಿತ್ತು. ಲೈಟು ಆರಿಸಿ, ಬೆಳಿಗ್ಗೆ ಹತ್ತರ ಬಿಸಿಲು ಹಿತ್ತಲ ಬಾಗಿಲಿನಿಂದ ಬರುವಾಗ ತೆಗೆದೆವು. ಒಲೆಯ ಹಿಂದಿನಿಂದ ಬೆಳಕು ಬಂದು, ಎದುರಿಗೆ ಮಸಿ ಹಿಡಿದ ಗೋಡೆ ಇದ್ದರೆ ಮಾತ್ರ ಆವಿ ಕಾಣುತ್ತದೆ. ಬೆಳಕು ನಮ್ಮ ಬೆನ್ನಿಗಿದ್ದರೆ ಎಷ್ಟೇ ಕುದಿದರೂ ತಣ್ಣಗಿನ ಸಾರಿನ ಹಾಗೆ ಕಾಣುತ್ತದೆ. ಅಕ್ಕ ಸುಣ್ಣ ಹೊಡೆಸೋಣ ಅಂದಿದ್ದ ಆ ಗೋಡೆಯೇ ಕೆಲಸಕ್ಕೆ ಬಂತು. ಸ್ಟೀಲ್ ಪಾತ್ರೆಯಲ್ಲಿ ಮೊಬೈಲ್ ಹಿಡಿದ ನಮ್ಮ ಮುಖವೇ ಕಾಣುತ್ತಿತ್ತು, ಅದಕ್ಕೆ ಅವ್ವನ ಮಡಕೆ ಇಟ್ಟೆವು. ಮಾತನ್ನು ಬೇರೆ ಹಿಡಿದೆವು. ಒಳಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಹಾಸಿಗೆಯ ಮೇಲೆ ಕೂರಿಸಿ, ಹಾಳೆ ಕೊಡದೆ, ಹುಡುಗಿ ಒಂದೊಂದು ಪ್ರಶ್ನೆ ಕೇಳಿದಳು. ‘ಎಷ್ಟೊತ್ತಿಗೆ ಸಿಕ್ತದವ್ವ?’ ಅಕ್ಕ ಉತ್ತರ ಹೇಳಿದಳು. ಪ್ರಶ್ನೆ ಕತ್ತರಿಸಿ ಉತ್ತರ ಮಾತ್ರ ಜೋಡಿಸಿದೆವು. ನಾನು ಮಾಡಿದ ಕೆಲಸ ಇಷ್ಟು: ಅವಳು ಹೇಳಿದ್ದನ್ನು ಹಾಳೆಗೆ ಇಳಿಸಿ, ಎರಡು ಸಲ ಬಂದದ್ದನ್ನು ಹೊಡೆದುಹಾಕಿದ್ದು. ಕೊನೆಗೆ ಆದದ್ದು ಇದು.

(ಮುದ್ದೆ ತಿರುವುವ ಕೋಲು, ಆವಿ. ಮೂರು ಸೆಕೆಂಡು ಮಾತಿಲ್ಲ, ಬರೀ ಸದ್ದು.)

‘ಆರು ವರ್ಸದಿಂದ ಭಾನ್ವಾರ ಭಾನ್ವಾರ ನಮ್ಮನೆ ಸಾರು ಉಂಡಿದ್ದೀರಿ. ಇವತ್ತಿಂದ ಆಪಲ್ಲೂ ಸಿಕ್ತದೆ. ಈ ಹೆಸ್ರು ಬರ್ದು ಹುಡ್ಕಿ.’

(ಮಡಕೆಯಲ್ಲಿ ಕುದಿಯುವ ಸಾರು. ಮೇಲೆ ಅಕ್ಷರ: Avvana Madike. ಐದು ಸೆಕೆಂಡು.)

‘ಅಶೋಕಪುರಂನಲ್ಲಿ ನಮ್ಮನೆ. ನಾನೇ ಮಾಡದು, ನನ್ ಮಗ್ಳು ಕಟ್ಕೊಡದು. ಮಟನ್ ಸಾರು ಮುದ್ದೆ, ಬೋಟಿ ಗೊಜ್ಜು ಮುದ್ದೆ, ಅಷ್ಟೇಯ. ಹನ್ನೆರಡ್ರಿಂದ ಮೂರ್ ಗಂಟೆ. ಮೂವತ್ತು ಊಟ ಆದ್ಮೇಲೆ ಒಲೆ ಆರಿಸ್ಬುಡ್ತೀವಿ.’

(ಮುದ್ದೆಯನ್ನು ಬಾಳೆಲೆಯಲ್ಲಿ ಸುತ್ತುವ ಕೈ.)

‘ಬಂದ ತಕ್ಷಣ ಉಣ್ಣಿ. ಮಡಿಕ್ಕೊಂಡ್ರೆ ಮುದ್ದೆ ಗಟ್ಟಿಯಾಯ್ತದೆ. ಕ್ಯಾರಿಯರ್ ತಕ್ಕೊಂಡು ಮನೆಗೆ ಬರೋರು ಹಂಗೇ ಬನ್ನಿ, ಹಳೇ ನಂಬರು ಹಂಗೇ ಅದೆ.’

(ಅಕ್ಕನ ಮುಖ, ಮೊದಲ ಸಲ.)

‘ಉಂಡು ಹೆಂಗಿತ್ತು ಅಂತ ಆಪಲ್ಲಿ ಬರೀರಿ. ಚೆಂದಾಗಿಲ್ದಿದ್ರೆ ನಂಗೇ ಫೋನ್ ಮಾಡಿ ಬಯ್ರಿ.’

ಒಟ್ಟು 56 ಸೆಕೆಂಡು. ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ 140 ಜನರಿಗೂ ಒಟ್ಟಿಗೆ ಕಳಿಸಿದೆವು. ತಪ್ಪು ಅಲ್ಲಿಯೇ ಆಯಿತು. ಹನ್ನೆರಡೂವರೆಯ ಮೇಲೆ ಇಪ್ಪತ್ತು ನಿಮಿಷದಲ್ಲಿ 11 ಆರ್ಡರು ಬಂದವು. ಮುದ್ದೆ ಆಗುವುದು 25 ನಿಮಿಷಕ್ಕೆ ಐದು. ಬಾಗಿಲಲ್ಲಿ ಆರು ಹುಡುಗರು ಹೆಲ್ಮೆಟ್ ಹಿಡಿದು ನಿಂತರು. ಪಾಪ, ಅವರಿಗೆ ನಿಂತ ಹೊತ್ತೂ ನಷ್ಟವೇ. ನಾನು ನೀರು ಕೊಟ್ಟೆ, ಇಬ್ಬರು ಕುಡಿದರು. ಮೂವತ್ತರ ಲೆಕ್ಕ ಮಾಡಿದ್ದೆವು, ಗಂಟೆಗೆ ಎಷ್ಟು ಅನ್ನುವ ಲೆಕ್ಕ ಮಾಡಿರಲಿಲ್ಲ. ಹುಡುಗಿ ಆ್ಯಪ್‌ನಲ್ಲಿ ಅಂಗಡಿಯನ್ನು 40 ನಿಮಿಷ ಮುಚ್ಚಿಟ್ಟಳು. ಆ ಹೊತ್ತಿನಲ್ಲಿ ವೀಡಿಯೊ ನೋಡಿ ಹುಡುಕಿದವರಿಗೆ ‘ಮುಚ್ಚಿದೆ’ ಅಂತ ಕಂಡು, ಹೊರಟುಹೋದರು. ಹೆಬ್ಬಾಳದಿಂದ ಒಬ್ಬ ಹಳಬರು ಫೋನ್ ಮಾಡಿ, ಹೆಸರು ಸರಿಯಾಗಿಯೇ ಬರೆದೆ, ಬರುತ್ತಿಲ್ಲವಲ್ಲ ಅಂತ ರೇಗಿದರು. ಆ್ಯಪ್‌ನಲ್ಲಿ ಇಷ್ಟು ದೂರದವರೆಗೆ ಅಂತ ಗೆರೆ ಇದೆ, ಅದರ ಆಚೆ ಇದ್ದವರಿಗೆ ಅಂಗಡಿ ಇದೆಯೆಂದೇ ತೋರಿಸುವುದಿಲ್ಲ. ನಾವು ಆ ಮಾತನ್ನು ಹೇಳಲು ಮರೆತಿದ್ದೆವು.

ಮೂರು ಗಂಟೆಗೆ 27 ಊಟ ಹೋಗಿತ್ತು. 260ರ ಮಟನ್ನು 19, 220ರ ಬೋಟಿ 8. ಒಟ್ಟು 6700 ರೂಪಾಯಿ. ಅದರಲ್ಲಿ ಕಮಿಷನ್ನು, ಅದರ ತೆರಿಗೆ ಸೇರಿ 1739 ರೂಪಾಯಿ ಚಿಲ್ಲರೆ ಹಿಡಿದುಕೊಂಡು ವಾರದೊಳಗೆ 4960 ರೂಪಾಯಿ ಚಿಲ್ಲರೆ ಬ್ಯಾಂಕಿಗೆ ಬಂತು. ಡಬ್ಬಿಯ ಖರ್ಚು 378 ಕಳೆದರೆ 4582. ಒಂಬತ್ತು ಜನ ನಕ್ಷತ್ರ ಕೊಟ್ಟಿದ್ದರು. ಎಂಟು ಜನ ಐದು, ಒಬ್ಬರು ಒಂದು. ‘ಮುದ್ದೆ ಕಲ್ಲು’ ಅಂತ ಬರೆದಿದ್ದರು. ಬಾಗಿಲಲ್ಲಿ ಹುಡುಗರು ಕಾದ ಹೊತ್ತಿನಲ್ಲಿ ಹೋದ ಊಟ ಅದು, ತಪ್ಪು ನಮ್ಮದೇ.

ಒಂದು ಮಾತು ಉಳಿದಿದೆ. ಕುವೆಂಪುನಗರದ ಒಬ್ಬ ಮೇಡಂ ನಾಲ್ಕು ವರ್ಷದಿಂದ ತಪ್ಪದೆ ಸಾರು ತರಿಸುತ್ತಿದ್ದರು, ಜೊತೆಯಲ್ಲಿ ಕೆಲಸ ಮಾಡುವವರ ಕೈಲಿ. ಹಬ್ಬಕ್ಕೆ ಅಕ್ಕನಿಗೆ ಸೀರೆ ಕಳಿಸಿದ್ದರು. ಸಾರು ಎಲ್ಲಿಂದ ಬರುತ್ತದೆ ಅಂತ ಅವರು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ವೀಡಿಯೊ ಅವರಿಗೂ ಹೋಯಿತು, ನೋಡಿದ ಗುರುತೂ ಬಂತು. ಆ ಭಾನುವಾರ ಅವರಿಂದ ಆ್ಯಪ್‌ನಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ. ಮುಂದಿನ ಭಾನುವಾರವೂ ಇಲ್ಲ. ಊರಿಗೆ ಹೋಗಿರಬಹುದು. ಮೈ ಹುಷಾರಿಲ್ಲದಿರಬಹುದು. ಕಾರಣ ಗೊತ್ತಾಗುವುದಿಲ್ಲ, ಕೇಳುವ ಹಾಗೂ ಇಲ್ಲ. ಹುಡುಗಿ ನನ್ನ ಕಡೆ ನೋಡಿದಳು, ನಾನು ಬೇರೆ ಕಡೆ ನೋಡಿದೆ.

ಎರಡನೇ ವಾರ ವೀಡಿಯೊವನ್ನು ಮತ್ತೆ ಕತ್ತರಿಸಿ ಜೋಡಿಸಿದೆವು. ‘ದೂರದೋರಿಗೆ ಆಪಲ್ಲಿ ಕಾಣಲ್ಲ, ಫೋನ್ ಮಾಡಿ’ ಅಂತ ಸೇರಿತು. ಶನಿವಾರ ರಾತ್ರಿ ಅರ್ಧ ಜನರಿಗೆ, ಭಾನುವಾರ ಒಂದು ಗಂಟೆಗೆ ಉಳಿದರ್ಧ ಜನರಿಗೆ ಕಳಿಸುವುದು ಅಂತಾಯಿತು. ಸೇರಿಸಲು ಜಾಗ ಬೇಕಿತ್ತು. ಯಾವುದನ್ನು ತೆಗೆಯುವುದು ಅಂತ ಹುಡುಗಿ ಅವ್ವನನ್ನು ಕೇಳಿದಳು, ಕೇಳುವಾಗ ಬೆರಳು ಎಲ್ಲಿತ್ತು ಅಂತ ನಾನು ನೋಡಿದೆ.

ಅಕ್ಕ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ‘ಆರು ವರ್ಸದಿಂದ ಅನ್ನೋದ ತೆಗಿ’ ಅಂದಳು. ‘ಹೊಸಬ್ರೂ ನೋಡ್ತಾವ್ರೆ.’ ಆಮೇಲೆ ಎದ್ದು ಎಸರಿಡಲು ಹೋದಳು.